ಒಂದೇ ಸಂಬಳ, ಮೂರು ಅಂಕಿ: ಕೆವೈಸಿ ನವೀಕರಣದ ಅರ್ಜಿಯನ್ನು ಓದುವ ಬಗೆ

ಪ್ರಧಾನಮಂತ್ರಿ ಜನಧನ ಯೋಜನೆ ಶುರುವಾದದ್ದು 2014ರ ಆಗಸ್ಟ್ 28ರಂದು. ಆ ಹೊತ್ತಿನಲ್ಲಿ ತೆರೆದ ಖಾತೆಗಳಿಗೆಲ್ಲ ಈಗ ಹತ್ತು ವರ್ಷ ದಾಟಿದೆ. ‘ನಿಮ್ಮ ಕೆವೈಸಿ ನವೀಕರಿಸಿ’ ಎಂಬ ಪತ್ರ, ಸಂದೇಶಗಳು ಈಚೆಗೆ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. 2025ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇದಕ್ಕಾಗಿಯೇ ಶಿಬಿರಗಳು ನಡೆದವು. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಗ್ರಾಹಕರನ್ನೂ ಬ್ಯಾಂಕು ಅಪಾಯದ ಮಟ್ಟಕ್ಕೆ ತಕ್ಕಂತೆ ಮೂರು ಗುಂಪಿನಲ್ಲಿ ಇಡುತ್ತದೆ. ಹೆಚ್ಚು ಅಪಾಯದ ಗುಂಪಿನವರ ವಿವರವನ್ನು ಕನಿಷ್ಠ 2 ವರ್ಷಕ್ಕೊಮ್ಮೆ, ಮಧ್ಯಮದವರದನ್ನು 8 ವರ್ಷಕ್ಕೊಮ್ಮೆ, ಕಡಿಮೆ ಅಪಾಯದವರದನ್ನು 10 ವರ್ಷಕ್ಕೊಮ್ಮೆ ಹೊಸದು ಮಾಡಿಕೊಳ್ಳಬೇಕು. ಸಂಬಳದಾರರು, ಪಿಂಚಣಿದಾರರು, ಸಣ್ಣ ರೈತರು ಸಾಮಾನ್ಯವಾಗಿ ಮೂರನೆಯ ಗುಂಪಿನವರು.

ಹತ್ತು ವರ್ಷದಲ್ಲಿ ಏನೂ ಬದಲಾಗಿಲ್ಲದವರ ಕೆಲಸ ಸುಲಭ. ‘ನನ್ನ ವಿವರಗಳಲ್ಲಿ ಬದಲಾವಣೆ ಇಲ್ಲ’ ಎಂಬ ಸ್ವಯಂ ಘೋಷಣೆ ಸಾಕು. ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಅಥವಾ ಇಮೇಲ್ ಮೂಲಕ, ಎಟಿಎಂನಲ್ಲಿ, ಇಲ್ಲವೇ ಒಂದು ಪತ್ರ ಬರೆದು ಅದನ್ನು ಕೊಡಬಹುದು. ಬ್ಯಾಂಕಿನಲ್ಲಿರುವ ಹಳೆಯ ದಾಖಲೆಗಳು ಇಂದಿನ ನಿಯಮಕ್ಕೆ ಹೊಂದುವಂತಿರಬೇಕು, ಅವುಗಳ ಅವಧಿ ಮುಗಿದಿರಬಾರದು, ಅಷ್ಟೇ. ಆದರೆ ಹತ್ತು ವರ್ಷದಲ್ಲಿ ಊರು ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ಸಂಬಳ ಏರುತ್ತದೆ. ಆಗ ಅರ್ಜಿ ತುಂಬಬೇಕಾಗುತ್ತದೆ, ಜೊತೆಗೆ ಪುರಾವೆ ಇಡಬೇಕಾಗುತ್ತದೆ. ಅರ್ಜಿಗಳು ವಾಪಸು ಬರುವುದು ಇಲ್ಲಿಂದಲೇ.

ವಾಪಸು ಬಂದ ಅರ್ಜಿಗಳಲ್ಲಿ ಸುಳ್ಳು ಇರುವುದು ಅಪರೂಪ. ಬೇರೆ ಬೇರೆ ಕಾಲದ, ಬೇರೆ ಬೇರೆ ಉದ್ದೇಶದ ಕಾಗದಗಳನ್ನು ಒಂದೇ ಪಿನ್ನಿಗೆ ಚುಚ್ಚಿ ಕೊಟ್ಟಿರುತ್ತಾರೆ. ಒಂದು ಕಾಗದ ಹಾಸನದ ವಿಳಾಸ ಹೇಳುತ್ತದೆ, ಇನ್ನೊಂದು ತುಮಕೂರಿನದು. ಒಂದರಲ್ಲಿ ಹೋದ ವರ್ಷದ ಆದಾಯ ಇದೆ, ಇನ್ನೊಂದರಲ್ಲಿ ಈ ವರ್ಷದ್ದು. ಎರಡೂ ನಿಜವೇ. ಆದರೆ ಅವು ಬೇರೆಬೇರೆಯಾಗಿ ಯಾಕಿವೆ ಎಂದು ಅರ್ಜಿಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಅರ್ಜಿಯನ್ನು ಪರಿಶೀಲಿಸುವುದು ಎಂದರೆ ಇಂಥ ಅಂತರಗಳನ್ನು ಹುಡುಕಿ, ಪ್ರತಿಯೊಂದಕ್ಕೂ ಕಾರಣ ಇದೆಯೇ ಎಂದು ನೋಡುವುದು. ಬ್ಯಾಂಕಿನವರು ಮಾಡುವ ಈ ಕೆಲಸವನ್ನು ಅರ್ಜಿ ಕೊಡುವ ಮೊದಲು ನಾವೇ ಮಾಡಿಕೊಳ್ಳಬಹುದು.

ಮೂರು ಹೋಲಿಕೆಗಳು

ಕೌಂಟರಿನಲ್ಲಿ ಅರ್ಜಿ ತೆಗೆದುಕೊಂಡವರು ಮೂಲ ದಾಖಲೆಯನ್ನು ಕೈಯಲ್ಲಿ ಹಿಡಿದು, ಜೆರಾಕ್ಸ್ ಪ್ರತಿಯೊಂದಿಗೆ ಹೋಲಿಸಿ, ‘ಮೂಲ ನೋಡಿ ಪರಿಶೀಲಿಸಿದೆ’ ಎಂಬ ಮುದ್ರೆ ಒತ್ತಿ ಸಹಿ ಮಾಡುತ್ತಾರೆ. ಅವರು ಕಂಪ್ಯೂಟರಿಗೆ ಏರಿಸಿದ ವಿವರವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಈ ಎರಡನೆಯವರು ಗ್ರಾಹಕರ ಮುಖ ನೋಡಿರುವುದಿಲ್ಲ, ಅವರ ಮಾತು ಕೇಳಿರುವುದಿಲ್ಲ. ಅವರ ಮುಂದೆ ಇರುವುದು ಕಾಗದ ಮಾತ್ರ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ ಸಮಜಾಯಿಷಿ ಅವರಿಗೆ ತಲುಪುವುದೇ ಇಲ್ಲ. ಅರ್ಜಿ ತಾನಾಗಿಯೇ ಮಾತಾಡುವಂತಿರಬೇಕು ಎನ್ನುವುದು ಇದಕ್ಕಾಗಿ.

ಅವರು ಮೂರು ಹೋಲಿಕೆ ಮಾಡುತ್ತಾರೆ. ಅರ್ಜಿಯಲ್ಲಿ ಬರೆದದ್ದಕ್ಕೂ ಬ್ಯಾಂಕಿನ ಹಳೆಯ ದಾಖಲೆಗೂ ಏನು ವ್ಯತ್ಯಾಸ? ಇದರಿಂದ ಯಾವುದು ಬದಲಾಗಿದೆ ಎಂದು ತಿಳಿಯುತ್ತದೆ. ಅರ್ಜಿಯಲ್ಲಿ ಬರೆದದ್ದನ್ನು ಜೊತೆಗಿಟ್ಟ ಪುರಾವೆ ಹೇಳುತ್ತದೆಯೇ? ಇದರಿಂದ ಬದಲಾವಣೆಗೆ ಆಧಾರ ಇದೆಯೇ ಎಂದು ತಿಳಿಯುತ್ತದೆ. ಕೊನೆಯದಾಗಿ, ಖಾತೆಯಲ್ಲಿ ಓಡಾಡಿದ ಹಣಕ್ಕೂ ಅರ್ಜಿಯಲ್ಲಿ ಹೇಳಿದ ಉದ್ಯೋಗ, ಆದಾಯಕ್ಕೂ ತಾಳೆ ಇದೆಯೇ? ಜನ ಮೊದಲ ಎರಡನ್ನು ಊಹಿಸಿ ತಯಾರಾಗಿರುತ್ತಾರೆ. ಮೂರನೆಯದು ಹೆಚ್ಚಿನವರಿಗೆ ಹೊಳೆದೇ ಇರುವುದಿಲ್ಲ.

ಒಂದು ಮಾದರಿ ಅರ್ಜಿಯನ್ನು ಇಟ್ಟುಕೊಂಡು ಇದನ್ನು ನೋಡೋಣ. ಖಾಸಗಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು 2015ರ ಆಗಸ್ಟ್‌ನಲ್ಲಿ ಹಾಸನದ ಶಾಖೆಯಲ್ಲಿ ಉಳಿತಾಯ ಖಾತೆ ತೆರೆದಿದ್ದಾರೆ ಎಂದುಕೊಳ್ಳಿ. ಆಗ ಅವರು ತಂದೆತಾಯಿಯ ಮನೆಯಲ್ಲಿದ್ದರು. 2022ರಿಂದ ತುಮಕೂರಿನಲ್ಲಿ ಬಾಡಿಗೆ ಮನೆ. 2025ರ ಆಗಸ್ಟ್‌ನಲ್ಲಿ ನವೀಕರಣದ ಸರದಿ ಬಂತು. ತುಮಕೂರಿನ ಶಾಖೆಗೆ ಕೊಟ್ಟ ಅರ್ಜಿಯಲ್ಲಿ ಹೊಸ ವಿಳಾಸ ಬರೆದರು, ವಾರ್ಷಿಕ ಆದಾಯದಲ್ಲಿ ‘1ರಿಂದ 5 ಲಕ್ಷ’ ಎಂಬ ಚೌಕಕ್ಕೆ ಗುರುತು ಹಾಕಿದರು. ಆಧಾರ್, ಏಪ್ರಿಲ್ ತಿಂಗಳ ಕರೆಂಟ್ ಬಿಲ್, ಬಾಡಿಗೆ ಕರಾರು, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದ ಸ್ವೀಕೃತಿ, ಇಷ್ಟರ ಪ್ರತಿಗಳನ್ನು ಲಗತ್ತಿಸಿದರು. ಮೇಲುನೋಟಕ್ಕೆ ಅರ್ಜಿ ತುಂಬಿಕೊಂಡಿದೆ, ಕಾಗದಗಳೂ ಹೆಚ್ಚೇ ಇವೆ. ಆದರೂ ಇದು ವಾಪಸು ಬರುವ ಅರ್ಜಿ.

ವಿಳಾಸ: ಯಾರ ಹೆಸರು, ಯಾವ ತಾರೀಖು

ಬ್ಯಾಂಕಿನ ಭಾಷೆಯಲ್ಲಿ ‘ಅಧಿಕೃತವಾಗಿ ಮಾನ್ಯವಾದ ದಾಖಲೆ’ ಎಂದರೆ ಆರೇ ಆರು: ಪಾಸ್‌ಪೋರ್ಟ್, ವಾಹನ ಚಾಲನಾ ಪರವಾನಗಿ, ಆಧಾರ್, ಮತದಾರರ ಗುರುತಿನ ಚೀಟಿ, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ನರೇಗಾ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಇವುಗಳಲ್ಲಿ ಈಗಿನ ವಿಳಾಸ ಇಲ್ಲದಿದ್ದರೆ, ವಿಳಾಸದ ಮಟ್ಟಿಗೆ ಮಾತ್ರ ಒಪ್ಪುವ ಇನ್ನೊಂದು ಪಟ್ಟಿ ಇದೆ. ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್, ನೀರು, ದೂರವಾಣಿ, ಪೋಸ್ಟ್‌ಪೇಯ್ಡ್ ಮೊಬೈಲ್ ಅಥವಾ ಕೊಳವೆ ಅನಿಲದ ಬಿಲ್. ಮನೆ ಕಂದಾಯದ ರಸೀದಿ. ವಿಳಾಸ ಇರುವ ಸರ್ಕಾರಿ ಪಿಂಚಣಿ ಆದೇಶ. ಸರ್ಕಾರ, ಸಾರ್ವಜನಿಕ ಉದ್ಯಮ, ಬ್ಯಾಂಕು, ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಂಥ ಉದ್ಯೋಗದಾತರು ಮನೆ ಹಂಚಿಕೆ ಮಾಡಿದ ಪತ್ರ. ಇವುಗಳಲ್ಲಿ ಒಂದನ್ನು ಕೊಟ್ಟವರು, ಮೂರು ತಿಂಗಳೊಳಗೆ ಹೊಸ ವಿಳಾಸ ಇರುವ ಮೊದಲ ಪಟ್ಟಿಯ ದಾಖಲೆಯೊಂದನ್ನು ತಂದುಕೊಡಬೇಕು.

ಈಗ ಶಿಕ್ಷಕಿಯ ಕಾಗದಗಳನ್ನು ಈ ಪಟ್ಟಿಗೆ ಹಚ್ಚಿ ನೋಡಿ. ಆಧಾರ್ ಮೊದಲ ಪಟ್ಟಿಯದು, ಆದರೆ ಅದರಲ್ಲಿರುವುದು ಹಾಸನದ ವಿಳಾಸ. ಕರೆಂಟ್ ಬಿಲ್ ಎರಡನೆಯ ಪಟ್ಟಿಯದು, ಆದರೆ ಅದು ಮನೆಯ ಮಾಲೀಕರ ಹೆಸರಿನಲ್ಲಿದೆ, ಮೇಲಾಗಿ ಏಪ್ರಿಲ್ ತಿಂಗಳದು. ಆಗಸ್ಟ್‌ಗೆ ಅದರ ವಯಸ್ಸು ಮೀರಿದೆ. ಬಾಡಿಗೆ ಕರಾರು ಈ ಎರಡೂ ಪಟ್ಟಿಗಳಲ್ಲಿ ಇಲ್ಲ. ಸಾಮಾನ್ಯ ಮಾಲೀಕ ಮತ್ತು ಬಾಡಿಗೆದಾರರ ನಡುವಿನ ಕರಾರನ್ನು ರಿಸರ್ವ್ ಬ್ಯಾಂಕು ವಿಳಾಸದ ಪುರಾವೆ ಎಂದು ಹೆಸರಿಸಿಲ್ಲ. ಸಿಲಿಂಡರ್ ಅನಿಲದ ಪುಸ್ತಕವೂ ಪಟ್ಟಿಯಲ್ಲಿಲ್ಲ. ಹೀಗಾಗಿ ಮೂರು ಕಾಗದ ಕೊಟ್ಟರೂ ತುಮಕೂರಿನ ವಿಳಾಸಕ್ಕೆ ಪುರಾವೆ ಒಂದೂ ಇಲ್ಲದಂತಾಯಿತು.

ಇದರರ್ಥ ಬಾಡಿಗೆ ಮನೆಯವರಿಗೆ ದಾರಿಯೇ ಇಲ್ಲ ಎಂದಲ್ಲ. ವಿಳಾಸವೊಂದೇ ಬದಲಾಗಿದ್ದರೆ ಗ್ರಾಹಕರು ಹೊಸ ವಿಳಾಸವನ್ನು ಸ್ವಯಂ ಘೋಷಣೆ ಮಾಡಬಹುದು ಎಂದು ನಿಯಮ ಹೇಳುತ್ತದೆ. ಆಗ ಬ್ಯಾಂಕು ಎರಡು ತಿಂಗಳೊಳಗೆ ಅದನ್ನು ತಾನೇ ಖಚಿತಪಡಿಸಿಕೊಳ್ಳಬೇಕು. ಆ ವಿಳಾಸಕ್ಕೆ ಒಂದು ಪತ್ರ ಕಳಿಸಬಹುದು, ಸಿಬ್ಬಂದಿಯನ್ನು ಕಳಿಸಬಹುದು, ಚೆಕ್‌ಬುಕ್ಕಿನಂಥದ್ದು ಅಲ್ಲಿಗೆ ತಲುಪಿತೇ ಎಂದು ನೋಡಬಹುದು. ಪುರಾವೆಯ ಪ್ರತಿಯನ್ನೂ ಕೇಳುವ ಅಧಿಕಾರ ಬ್ಯಾಂಕಿಗಿದೆ. ಅದು ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ಕೆವೈಸಿ ನೀತಿಯನ್ನು ಅವಲಂಬಿಸಿದೆ. ಇನ್ನೊಂದು ದಾರಿ ಆಧಾರ್ ಒಟಿಪಿಯ ಮೂಲಕ ಇ-ಕೆವೈಸಿ. ಅದರಲ್ಲಿ ಆಧಾರ್‌ನಲ್ಲಿರುವುದಕ್ಕಿಂತ ಬೇರೆಯಾದ ಈಗಿನ ವಿಳಾಸವನ್ನು ಘೋಷಿಸಿದರೆ ಈ ಖಚಿತಪಡಿಸುವಿಕೆಯೂ ಬೇಕಾಗುವುದಿಲ್ಲ. ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯೂ ಬ್ಯಾಂಕಿನಲ್ಲಿರುವ ಸಂಖ್ಯೆಯೂ ಒಂದೇ ಆಗಿರಬೇಕು. ಶಿಕ್ಷಕಿಯ ಬಳಿ ತಮ್ಮದೇ ಹೆಸರಿನ, ತುಮಕೂರಿನ ವಿಳಾಸದ, ಜುಲೈ ತಿಂಗಳ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ ಇದ್ದಿದ್ದರೆ ಅದೂ ನಡೆಯುತ್ತಿತ್ತು.

ಪುರಾವೆ ಸರಿಹೋದ ಮೇಲೂ ವಿಳಾಸದ ಸಾಲುಗಳನ್ನು ಒಂದೊಂದಾಗಿ ಓದಬೇಕು. ಮೊದಲು ನೋಡಬೇಕಾದದ್ದು ಪಿನ್ ಕೋಡ್. ಅದರ ಮೊದಲ ಮೂರು ಅಂಕಿ ಅಂಚೆ ಇಲಾಖೆಯ ವಿಂಗಡಣಾ ಜಿಲ್ಲೆಯನ್ನು ಹೇಳುತ್ತವೆ. ತುಮಕೂರು ನಗರದ್ದು 572ರಿಂದ ಶುರುವಾದರೆ ಹಾಸನದ್ದು 573ರಿಂದ. ನಮ್ಮ ಶಿಕ್ಷಕಿ ಹೊಸ ಮನೆ, ಹೊಸ ಕ್ರಾಸ್, ಹೊಸ ಬಡಾವಣೆ ಎಲ್ಲ ಬರೆದು, ಕೈ ಪಳಗಿದ ಹಳೆಯ 573201ನ್ನೇ ಕೊನೆಯಲ್ಲಿ ಬರೆದಿದ್ದಾರೆ. ಬ್ಯಾಂಕು ಖಚಿತಪಡಿಸಿಕೊಳ್ಳಲು ಕಳಿಸುವ ಪತ್ರ ಇದರಿಂದ ಮೊದಲು ಹಾಸನಕ್ಕೇ ಹೋಗಬಹುದು. ಪತ್ರ ತಲುಪದೆ ಹಿಂತಿರುಗಿದರೆ ಎರಡು ತಿಂಗಳ ಗಡುವು ಹೊರಳುತ್ತದೆ, ವಿಳಾಸ ದೃಢಪಡಲಿಲ್ಲ ಎಂದು ದಾಖಲಾಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಹೆಸರು, ಮಹಡಿ, ಹತ್ತಿರದ ಗುರುತು, ಇಷ್ಟನ್ನೂ ಬರೆಯುವುದು ಕ್ಷೇಮ.

ಯಾವುದು ವ್ಯತ್ಯಾಸವೇ ಅಲ್ಲ ಎಂದು ತಿಳಿದಿರುವುದೂ ಮುಖ್ಯ. ಇಂಗ್ಲಿಷಿನಲ್ಲಿ ತುಮಕೂರಿನ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ ಹನ್ನೆರಡು ಊರುಗಳಿಗೆ ಅಂದು ಹೊಸ ಕಾಗುಣಿತ ಬಂತು. ಒಂದು ದಾಖಲೆಯಲ್ಲಿ ಹಳೆಯ ರೂಪ, ಇನ್ನೊಂದರಲ್ಲಿ ಹೊಸದು ಇದ್ದರೆ ಅದು ಎರಡು ಊರಲ್ಲ. ‘3ನೇ ಕ್ರಾಸ್’ ಮತ್ತು ‘ಮೂರನೇ ಅಡ್ಡರಸ್ತೆ’ ಒಂದೇ. ಮನೆಗೆ ನಗರಪಾಲಿಕೆ ಹೊಸ ನಂಬರು ಕೊಟ್ಟಿದ್ದರೆ ಮಾತ್ರ ಹಳೆಯ ನಂಬರು, ಹೊಸ ನಂಬರು ಎರಡನ್ನೂ ಬರೆಯಬೇಕು, ಇಲ್ಲವಾದರೆ ಪರಿಶೀಲಿಸುವವರಿಗೆ ಅದು ಪಕ್ಕದ ಮನೆಯಂತೆ ಕಾಣುತ್ತದೆ. ಖಾಯಂ ವಿಳಾಸದ ಜಾಗದಲ್ಲಿ ‘ಮೇಲಿನಂತೆಯೇ’ ಎಂದು ಬರೆಯುವ ಅಭ್ಯಾಸವೂ ತೊಂದರೆ ಕೊಡುತ್ತದೆ. ಶಿಕ್ಷಕಿಯ ಖಾಯಂ ವಿಳಾಸ ಹಾಸನದ್ದೇ, ಆಧಾರ್ ಅದಕ್ಕೆ ಪುರಾವೆ. ಎರಡು ವಿಳಾಸವನ್ನು ಬೇರೆಬೇರೆಯಾಗಿ ಬರೆದರೆ ಆಧಾರ್ ಕೂಡ ಅರ್ಜಿಗೆ ಒಪ್ಪುತ್ತದೆ.

ಆದಾಯ: ಕೈಗೆ ಬಂದದ್ದಲ್ಲ, ಒಟ್ಟು ಗಳಿಸಿದ್ದು

ವಿಳಾಸದಲ್ಲಿ ಪುರಾವೆಯೇ ಇಲ್ಲದಿದ್ದದ್ದು ತೊಡಕಾದರೆ, ಆದಾಯದಲ್ಲಿ ಪುರಾವೆ ಇದ್ದೂ ತೊಡಕು. ಸಾಮಾನ್ಯ ಉಳಿತಾಯ ಖಾತೆಯ ನವೀಕರಣದಲ್ಲಿ ಆದಾಯ ಎನ್ನುವುದು ಬಹುಪಾಲು ಗ್ರಾಹಕರ ಸ್ವಂತ ಹೇಳಿಕೆ. ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಆಯಿತು. ಆದರೆ ಆ ಗುರುತಿನ ಮೇಲೆ ಬ್ಯಾಂಕು ಖಾತೆಯ ಒಂದು ನಿರೀಕ್ಷೆ ಕಟ್ಟುತ್ತದೆ. ಇಷ್ಟು ಆದಾಯದವರ ಖಾತೆಯಲ್ಲಿ ವರ್ಷಕ್ಕೆ ಇಷ್ಟರ ಆಸುಪಾಸು ಹಣ ಓಡಾಡಬಹುದು ಎಂಬ ಅಂದಾಜು ಅದು. ಅದನ್ನು ಮೀರಿದ ವಹಿವಾಟು ಬಂದಾಗ ಕಂಪ್ಯೂಟರ್ ಎಚ್ಚರಿಕೆ ಕೊಡುತ್ತದೆ, ಬ್ಯಾಂಕಿನವರು ವಿವರ ಕೇಳುತ್ತಾರೆ.

ಶಿಕ್ಷಕಿಯ ಲೆಕ್ಕ ಹೀಗಿದೆ. ತಿಂಗಳ ಒಟ್ಟು ಸಂಬಳ 42,000 ರೂಪಾಯಿ. ಅದರಲ್ಲಿ ಭವಿಷ್ಯ ನಿಧಿಗೆ 1,800, ವೃತ್ತಿ ತೆರಿಗೆಗೆ 200 ಕಡಿತವಾಗಿ 40,000 ಖಾತೆಗೆ ಬರುತ್ತದೆ. ಹನ್ನೆರಡರಿಂದ ಗುಣಿಸಿದರೆ 4,80,000. ಹಾಗಾಗಿ ‘1ರಿಂದ 5 ಲಕ್ಷ’ಕ್ಕೆ ಗುರುತು ಹಾಕಿದರು. ಅವರ ತೆರಿಗೆ ರಿಟರ್ನ್ಸ್ ಸ್ವೀಕೃತಿಯಲ್ಲಿ, ಬಡ್ಡಿಯ ಚಿಕ್ಕ ಮೊತ್ತ ಬಿಟ್ಟರೆ, ಆದಾಯ 4,29,000 ಎಂದಿದೆ. ಅದೂ ಅದೇ ಚೌಕದೊಳಗೇ ಬರುತ್ತದಲ್ಲ ಎಂದು ಧೈರ್ಯವಾಯಿತು.

ಆದರೆ ಅರ್ಜಿ ಕೇಳಿದ್ದು ವಾರ್ಷಿಕ ಒಟ್ಟು ಆದಾಯ. ಕಡಿತಕ್ಕೆ ಮೊದಲಿನ 42,000ವನ್ನು ಹನ್ನೆರಡರಿಂದ ಗುಣಿಸಿದರೆ 5,04,000 ಆಗುತ್ತದೆ. ಚೌಕ ಬದಲಾಯಿತು. ರಿಟರ್ನ್ಸ್‌ನಲ್ಲಿ 4,29,000 ಯಾಕೆ ಬಂತೆಂದರೆ, ಹೊಸ ತೆರಿಗೆ ಪದ್ಧತಿಯಲ್ಲಿ 2024-25ರ ಸಂಬಳಕ್ಕೆ 75,000 ರೂಪಾಯಿ ಪ್ರಮಾಣಿತ ಕಡಿತ ಇತ್ತು. 5,04,000ದಿಂದ ಅದನ್ನು ಕಳೆದರೆ ಉಳಿಯುವುದು ಅಷ್ಟೇ. ಹೀಗೆ ಒಂದೇ ಸಂಬಳ ಮೂರು ಅಂಕಿಯಾಗಿ ನಿಂತಿತು. ಪಾಸ್‌ಬುಕ್ಕಿನಲ್ಲಿ 4,80,000, ತೆರಿಗೆ ಕಾಗದದಲ್ಲಿ 4,29,000, ಸಂಬಳದ ಚೀಟಿಯಲ್ಲಿ 5,04,000. ಮೂರೂ ನಿಜ. ಅರ್ಜಿಯ ಪ್ರಶ್ನೆಗೆ ಉತ್ತರ ಮೂರನೆಯದು. ಅದಕ್ಕೆ ಸರಿಯಾದ ಪುರಾವೆ ರಿಟರ್ನ್ಸ್ ಸ್ವೀಕೃತಿಗಿಂತ ಫಾರಂ 16ರ ಎರಡನೆಯ ಭಾಗ ಅಥವಾ ಇತ್ತೀಚಿನ ಸಂಬಳದ ಚೀಟಿ. ಅಲ್ಲಿ ಕಡಿತಕ್ಕೆ ಮೊದಲಿನ ಮೊತ್ತ ಬೇರೆಯಾಗಿಯೇ ಕಾಣುತ್ತದೆ.

ಮುಂದಿನದು ವರ್ಷದ ಪ್ರಶ್ನೆ. ಸ್ವೀಕೃತಿಯ ಮೇಲೆ ‘ನಿರ್ಧಾರಣಾ ವರ್ಷ 2025-26’ ಎಂದಿದೆ. ಅದನ್ನು ಕಂಡು ಇದು ಈ ವರ್ಷದ ಆದಾಯ ಎಂದುಕೊಳ್ಳುವವರು ಬಹಳ. ಅದು 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಗಳಿಸಿದ್ದರ ಲೆಕ್ಕ. ಶಿಕ್ಷಕಿ 2025ರ ಜೂನ್‌ನಿಂದ ಮನೆಪಾಠ ಶುರುಮಾಡಿದ್ದಾರೆ, ತಿಂಗಳಿಗೆ 5,000 ರೂಪಾಯಿ ಯುಪಿಐ ಮೂಲಕ ಇದೇ ಖಾತೆಗೆ ಬರುತ್ತಿದೆ. ಮಾರ್ಚ್‌ವರೆಗೆ ಹತ್ತು ತಿಂಗಳಿಗೆ 50,000. ಸಂಬಳದೊಂದಿಗೆ ಕೂಡಿದರೆ ಈ ವರ್ಷದ ಅಂದಾಜು 5,54,000. ಈ ಮನೆಪಾಠದ ಆದಾಯ ಹೋದ ವರ್ಷದ ರಿಟರ್ನ್ಸ್‌ನಲ್ಲಿ ಇರುವುದು ಸಾಧ್ಯವಿಲ್ಲ. ಆದ್ದರಿಂದ ಅರ್ಜಿಯಲ್ಲಿ ‘5ರಿಂದ 10 ಲಕ್ಷ’ಕ್ಕೆ ಗುರುತು ಹಾಕಿ, ಆದಾಯದ ಮೂಲದ ಜಾಗದಲ್ಲಿ ‘ಸಂಬಳ, 2025ರ ಜೂನ್‌ನಿಂದ ಮನೆಪಾಠ’ ಎಂದು ಬರೆದರೆ, ಹಳೆಯ ಕಾಗದಕ್ಕೂ ಹೊಸ ಅಂಕಿಗೂ ನಡುವಿನ ಅಂತರ ತಾನಾಗಿ ಅರ್ಥವಾಗುತ್ತದೆ.

ಪಾಸ್‌ಬುಕ್ ಹೇಳುವ ಸಾಕ್ಷಿ

ಈಗ ಮೂರನೆಯ ಹೋಲಿಕೆಗೆ ಬರೋಣ. 2024ರ ಆಗಸ್ಟ್‌ನಿಂದ 2025ರ ಜುಲೈವರೆಗೆ ಈ ಖಾತೆಗೆ ಬಂದ ಹಣ ಕೂಡಿಸಿದರೆ ಸಂಬಳ 4,80,000, ಎರಡು ತಿಂಗಳ ಮನೆಪಾಠ 10,000. ಇದರ ಮೇಲೆ ತಾಯಿಯ ಖಾತೆಯಿಂದ ಒಂದೇ ಸಲಕ್ಕೆ ಬಂದ 4,00,000. ತಾಯಿಯ ಠೇವಣಿ ಅವಧಿ ಮುಗಿದು, ಅವರು ಮಗಳಿಗೆ ಕೊಟ್ಟ ಹಣ ಅದು. ಒಟ್ಟು ಜಮೆ 8,90,000. ಆದಾಯ ‘1ರಿಂದ 5 ಲಕ್ಷ’ ಎಂದ ಅರ್ಜಿಯ ಪಕ್ಕದಲ್ಲಿ ಈ ಮೊತ್ತ ಇಟ್ಟರೆ ಪರಿಶೀಲಿಸುವವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಇಲ್ಲಿ ಎರಡು ತಪ್ಪು ದಾರಿಗಳಿವೆ. ಜಮೆಗೆ ಹೊಂದಲಿ ಎಂದು ಆದಾಯವನ್ನೇ 8,90,000 ಎಂದು ಹೇಳಿಬಿಡುವುದು ಒಂದು. ಅದು ಸುಳ್ಳು ಘೋಷಣೆ. ತಾಯಿ ಕೊಟ್ಟ ಹಣ ಮಗಳ ಗಳಿಕೆಯಲ್ಲ, ಮುಂದಿನ ವರ್ಷ ಅದು ಮತ್ತೆ ಬರುವುದೂ ಇಲ್ಲ. ಏನೂ ಹೇಳದೆ ಸುಮ್ಮನಿರುವುದು ಇನ್ನೊಂದು. ಸರಿಯಾದ ದಾರಿ ಸರಳ: ಆದಾಯವನ್ನು ಇದ್ದಂತೆಯೇ ಬರೆದು, ಒಂದು ಸಾಲಿನ ವಿವರಣೆ ಲಗತ್ತಿಸುವುದು. ‘ಇಂಥ ತಾರೀಖಿನಂದು ಬಂದ 4,00,000 ರೂಪಾಯಿ ನನ್ನ ತಾಯಿಯ ಠೇವಣಿಯ ಹಣ, ಒಂದು ಸಲದ್ದು.’ ತಾಯಿಯ ಪಾಸ್‌ಬುಕ್ಕಿನ ಆ ಪುಟದ ಪ್ರತಿ ಜೊತೆಗಿದ್ದರೆ ಮಾತು ಮುಗಿಯಿತು.

ಬೇರೆ ಉದ್ಯೋಗದವರಿಗೆ ಇದೇ ಅಂತರ ಬೇರೆ ರೂಪದಲ್ಲಿ ಬರುತ್ತದೆ. ಕಿರಾಣಿ ಅಂಗಡಿಯವರ ಖಾತೆಗೆ ಯುಪಿಐ ಮೂಲಕ ವರ್ಷಕ್ಕೆ 18 ಲಕ್ಷ ಬಂದಿರಬಹುದು, ಅದರಲ್ಲಿ ಅವರ ಪಾಲಿಗೆ ಉಳಿಯುವುದು ಎರಡು ಲಕ್ಷ ಇದ್ದೀತು. ಹದಿನೆಂಟು ಲಕ್ಷ ವಹಿವಾಟು, ಎರಡು ಲಕ್ಷ ಆದಾಯ. ಉದ್ಯೋಗದ ಜಾಗದಲ್ಲಿ ಹಳೆಯ ‘ಕೂಲಿ’ ಅಥವಾ ‘ಗೃಹಿಣಿ’ ಎಂಬ ಪದವೇ ಉಳಿದಿದ್ದರೆ ಆ ಹದಿನೆಂಟು ಲಕ್ಷಕ್ಕೆ ಅರ್ಥವೇ ಸಿಗುವುದಿಲ್ಲ. ‘ಕಿರಾಣಿ ವ್ಯಾಪಾರ’ ಎಂದು ತಿದ್ದಿದರೆ ಸಿಗುತ್ತದೆ. ವ್ಯಾಪಾರಕ್ಕೆ ಚಾಲ್ತಿ ಖಾತೆ ತೆರೆಯಿರಿ ಎಂದು ಬ್ಯಾಂಕು ಹೇಳಬಹುದು, ಅದು ಬೇರೆ ಮಾತು. ರೈತರು ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಅದನ್ನು ಬರೆಯದೇ ಬಿಡುತ್ತಾರೆ. ತೆರಿಗೆ ಇಲ್ಲದಿದ್ದರೂ ಅದು ಆದಾಯವೇ. ಪಹಣಿ ಜಮೀನನ್ನೂ ಬೆಳೆಯನ್ನೂ ತೋರಿಸುತ್ತದೆ, ಹಣವನ್ನು ತೋರಿಸುವುದಿಲ್ಲ. ಹಣಕ್ಕೆ ಮಂಡಿಯ ಲೆಕ್ಕದ ಚೀಟಿ, ಸಕ್ಕರೆ ಕಾರ್ಖಾನೆಯ ಬಿಲ್ ಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೊಡುವವರು ಅದರಲ್ಲಿರುವುದು ಇಡೀ ಕುಟುಂಬದ ಆದಾಯ ಎಂಬುದನ್ನು ನೋಡಬೇಕು. ಅರ್ಜಿ ಕೇಳುವುದು ಖಾತೆದಾರರೊಬ್ಬರದು.

ಆದಾಯವನ್ನು ಕಡಿಮೆ ತೋರಿಸಿದರೆ ತೆರಿಗೆಯವರ ಕಣ್ಣಿಗೆ ಬೀಳುವುದಿಲ್ಲ ಎಂಬ ನಂಬಿಕೆ ಬಹಳ ಜನರಿಗಿದೆ. ಚೌಕದ ಗುರುತಿಗೂ ಅದಕ್ಕೂ ಸಂಬಂಧವಿಲ್ಲ. ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುವುದು ನಡೆದ ವಹಿವಾಟನ್ನು. ಉದಾಹರಣೆಗೆ, ಒಂದು ಹಣಕಾಸು ವರ್ಷದಲ್ಲಿ ಒಬ್ಬರ ಉಳಿತಾಯ ಖಾತೆಗಳಿಗೆ ಒಟ್ಟು 10 ಲಕ್ಷ ಅಥವಾ ಹೆಚ್ಚು ನಗದು ಜಮೆಯಾದರೆ ಅದು ವರದಿಯಾಗುತ್ತದೆ, ಗುರುತು ಯಾವ ಚೌಕದಲ್ಲೇ ಇರಲಿ. ಕೆಳಗಿನ ಚೌಕ ಆರಿಸಿದವರಿಗೆ ಸಿಗುವುದು ಒಂದೇ: ತಮ್ಮದೇ ಮಾಮೂಲಿ ಹಣ ಬಂದಾಗಲೂ ಬ್ಯಾಂಕಿನಿಂದ ಪ್ರಶ್ನೆ.

ಕೊಡುವ ಮುನ್ನ, ಕೊಟ್ಟ ಮೇಲೆ

ತಿದ್ದಿದ ಅರ್ಜಿ ಹೇಗಿರುತ್ತದೆ ಎಂದು ಈಗ ನೋಡಬಹುದು. ಈಗಿನ ವಿಳಾಸ ತುಮಕೂರಿನದು, ಪಿನ್ 572ರದು, ಜೊತೆಗೆ ಸ್ವಯಂ ಘೋಷಣೆ. ಖಾಯಂ ವಿಳಾಸ ಹಾಸನದ್ದು, ಪುರಾವೆ ಆಧಾರ್. ಆದಾಯ ‘5ರಿಂದ 10 ಲಕ್ಷ’, ಪುರಾವೆ ಫಾರಂ 16. ತಾಯಿಯ ಹಣಕ್ಕೆ ಒಂದು ಸಾಲು, ಒಂದು ಪುಟ. ಹಳೆಯ ಕರೆಂಟ್ ಬಿಲ್ಲೂ ಬಾಡಿಗೆ ಕರಾರೂ ಇಲ್ಲ. ಬ್ಯಾಂಕು ತನ್ನ ನೀತಿಯಂತೆ ಕೇಳಿದರೆ ಕರಾರನ್ನು ಕೊಡಬಹುದು, ಆದರೆ ಯಾವ ಸಾಲಿಗೂ ಪುರಾವೆಯಾಗದ ಕಾಗದ ಹೊಸ ಅನುಮಾನಕ್ಕೆ ಎಡೆ ಕೊಡುತ್ತದೆಯೇ ಹೊರತು ಅರ್ಜಿಯನ್ನು ಗಟ್ಟಿ ಮಾಡುವುದಿಲ್ಲ. ಪ್ರತಿ ಜೆರಾಕ್ಸಿನ ಮೂಲೆಯಲ್ಲಿ ಅದು ಅರ್ಜಿಯ ಯಾವ ಸಾಲಿಗೆ ಪುರಾವೆ ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡರೆ, ಯಾವ ಸಾಲು ಖಾಲಿ ಉಳಿಯಿತು, ಯಾವ ಕಾಗದಕ್ಕೆ ಕೆಲಸವಿಲ್ಲ ಎರಡೂ ಕಣ್ಣಿಗೆ ಬೀಳುತ್ತವೆ.

ಇನ್ನು ಕೆಲವು ಚಿಕ್ಕ ವಿಷಯಗಳು. ಪ್ಯಾನ್ ಸಂಖ್ಯೆಯನ್ನು ಬ್ಯಾಂಕು ನವೀಕರಣದ ಹೊತ್ತಿನಲ್ಲಿ ಮೂಲ ದತ್ತಾಂಶದೊಂದಿಗೆ ತಾಳೆ ನೋಡುತ್ತದೆ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇರುವ ನಮ್ಮ ಕಡೆಯ ಹೆಸರುಗಳು ಇಲ್ಲಿ ಸಿಕ್ಕಿಕೊಳ್ಳುವುದುಂಟು. ಪ್ಯಾನ್‌ನಲ್ಲಿ ಹೇಗಿದೆಯೋ ಹಾಗೆಯೇ ಬರೆಯುವುದು ಒಳ್ಳೆಯದು. ಮದುವೆಯ ನಂತರ ಹೆಸರು ಬದಲಾಗಿದ್ದರೆ ಹಳೆಯ ಹೆಸರಿನ ದಾಖಲೆಯ ಜೊತೆ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆ ಇಟ್ಟರೆ ಅದು ಮಾನ್ಯ. ಹತ್ತು ವರ್ಷದ ಹಿಂದೆ ಕನ್ನಡದಲ್ಲಿ ಸಹಿ ಮಾಡಿದವರು ಈಗ ಇಂಗ್ಲಿಷಿನಲ್ಲಿ ಮಾಡಿದರೆ ಬ್ಯಾಂಕಿನ ಮಾದರಿ ಸಹಿಗೆ ಅದು ಹೊಂದುವುದಿಲ್ಲ. ದೃಢೀಕರಣ ಬೇಡವಾದ ಕಡೆ ಕೊಡುವ ಆಧಾರ್ ಪ್ರತಿಯಲ್ಲಿ ಸಂಖ್ಯೆಯನ್ನು ಮುಚ್ಚಿರಬೇಕು. ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಇದಕ್ಕೆ ಅನುಕೂಲ.

ಅರ್ಜಿ ಕೊಟ್ಟಾಗ ತಾರೀಖು ಇರುವ ಸ್ವೀಕೃತಿ ಪತ್ರವನ್ನು ಬ್ಯಾಂಕು ಕೊಡಬೇಕು ಎಂದು ನಿಯಮವೇ ಹೇಳುತ್ತದೆ. ಅದನ್ನು ಕೇಳಿ ಪಡೆಯಿರಿ. ಗಡುವಿಗೆ ಮೊದಲು ಬ್ಯಾಂಕು ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಪತ್ರವಾಗಿರಬೇಕು. ಗಡುವು ದಾಟಿದ ಮೇಲೂ ಹಾಗೆಯೇ ಮೂರು ಜ್ಞಾಪನೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಮಾಡಿದ ತಿದ್ದುಪಡಿಯಂತೆ, ಕಡಿಮೆ ಅಪಾಯದ ವ್ಯಕ್ತಿಗಳ ಖಾತೆಯಲ್ಲಿ ಗಡುವು ದಾಟಿದ ಮೇಲೆ ಒಂದು ವರ್ಷದವರೆಗೆ ಅಥವಾ 2026ರ ಜೂನ್ 30ರವರೆಗೆ, ಯಾವುದು ನಂತರವೋ ಅಲ್ಲಿಯವರೆಗೆ, ವಹಿವಾಟಿಗೆ ಅವಕಾಶ ಕೊಡಬೇಕು. ಪುರಾವೆಯಲ್ಲಿ ಏನಾದರೂ ಕಡಿಮೆ ಬಿದ್ದರೆ ತಂದುಕೊಡಲು ಸಮಯ ಇದೆ ಎಂದರ್ಥ. ಗಾಬರಿಯಲ್ಲಿ ಯಾವುದೋ ಅಂಕಿ ಬರೆದು ಮುಗಿಸುವ ಅಗತ್ಯ ಇಲ್ಲ.

ಶಿಕ್ಷಕಿಯ ಅರ್ಜಿ ಇಷ್ಟು ಗೋಜಲಾದದ್ದಕ್ಕೆ ಮೂಲ ಕಾರಣ 2022ರಲ್ಲಿದೆ. ಬ್ಯಾಂಕಿಗೆ ಕೊಟ್ಟ ದಾಖಲೆಯಲ್ಲಿ ಏನಾದರೂ ಬದಲಾದರೆ 30 ದಿನದೊಳಗೆ ಹೊಸದನ್ನು ಕೊಡಬೇಕು ಎಂಬ ನಿಯಮ ಇಂದು ಇದೆ. ಹತ್ತನೆಯ ವರ್ಷದವರೆಗೆ ಕಾಯಬೇಕೆಂದು ಎಲ್ಲೂ ಇಲ್ಲ. ಮನೆ ಬದಲಾಯಿಸಿದ ಸ್ವಲ್ಪ ಕಾಲಕ್ಕೇ ಆಧಾರ್‌ನಲ್ಲಿ ವಿಳಾಸ ತಿದ್ದಿಸಿ, ಅದನ್ನು ಬ್ಯಾಂಕಿಗೆ ಕೊಟ್ಟಿದ್ದರೆ 2025ರಲ್ಲಿ ವಿಳಾಸದ ಪ್ರಶ್ನೆಯೇ ಏಳುತ್ತಿರಲಿಲ್ಲ, ಉಳಿಯುತ್ತಿದ್ದದ್ದು ಆದಾಯದ ಒಂದು ಚೌಕ ಮಾತ್ರ. ಆದ್ದರಿಂದ ಈ ಸಲದ ನವೀಕರಣ ಮುಗಿದ ಮೇಲೆ ತುಂಬಿದ ಅರ್ಜಿಯ ಒಂದು ಪ್ರತಿಯನ್ನು ಸ್ವೀಕೃತಿ ಪತ್ರದ ಜೊತೆ ತೆಗೆದಿಡಿ. ಮನೆ, ಕೆಲಸ, ಮೊಬೈಲ್ ಸಂಖ್ಯೆ ಯಾವುದು ಬದಲಾದರೂ ಆ ಪ್ರತಿಯಲ್ಲಿ ಯಾವ ಸಾಲು ಹಳತಾಯಿತು ಎಂದು ನೋಡಿ, ಆ ಒಂದು ಸಾಲನ್ನು ಅದರ ಪುರಾವೆಯೊಂದಿಗೆ ಬ್ಯಾಂಕಿಗೆ ತಿಳಿಸಿ.